ಎರಡು ಬ್ಯಾಟರಿ ಸರ್ಕ್ಯೂಟ್: ಪವರ್ ಲೆಕ್ಕದಲ್ಲಿ 14.4 ವ್ಯಾಟ್ ಕಾಣೆ

ಓಮಣ್ಣ: ತಲೆ ಕೆಟ್ಟುಹೋಗಿದೆ. ಮೂರೂ ಕರೆಂಟ್ ಸಿಕ್ಕಿವೆ, ಆದರೆ ಬ್ಯಾಟರಿಗಳು ಕೊಡೋದು 36 ವ್ಯಾಟ್, ರೆಸಿಸ್ಟರ್‌ಗಳು ತಿನ್ನೋದು 21.6. ಉಳಿದದ್ದು ಎಲ್ಲಿ? ಮಾಮೂಲಿ ಎರಡು ಲೂಪ್‌ನ ಸರ್ಕ್ಯೂಟ್.

ಲೂಪ್‌ರಾಯ: ಲೂಪ್ ಸುತ್ತುವಾಗ ಪ್ಲಸ್ ಮೈನಸ್ ತಪ್ಪಿರುತ್ತೆ. ಯಾವಾಗಲೂ ಅದೇ.

ತಂತಿಮನೆ: ಬೆಲೆಗಳನ್ನೇ ಹಾಕದೆ ಕೇಳಿದರೆ ಹೇಗೆ ಸ್ವಾಮಿ? ಬ್ಯಾಟರಿಗಳ ಪ್ಲಸ್ ಯಾವ ಕಡೆ?

ಓಮಣ್ಣ: 12 ವೋಲ್ಟ್ ಜೊತೆ 2 ಓಮ್, 6 ವೋಲ್ಟ್ ಜೊತೆ 1 ಓಮ್. ಎರಡರ ಪ್ಲಸ್ಸೂ ಮೇಲಿನ ಸಂಧಿಯ ಕಡೆಗೆ. ಸಂಧಿಯಿಂದ ಕೆಳಕ್ಕೆ 6 ಓಮ್. I1 12 ವೋಲ್ಟಿನ ಕಡೆಯಿಂದ, I2 6 ವೋಲ್ಟಿನ ಕಡೆಯಿಂದ ಸಂಧಿಗೆ ಬರೋ ಕರೆಂಟ್; I3 6 ಓಮ್‌ನಲ್ಲಿ ಕೆಳಕ್ಕೆ.

```
I1 + I2 = I3
12 - 2*I1 - 6*I3 = 0
6 - 1*I2 - 6*I3 = 0
I1 = 2.4, I2 = -1.2, I3 = 1.2
```

ಲೂಪ್‌ರಾಯ: ಮೈನಸ್ ಬಂತಲ್ಲ, ನಾನು ಹೇಳಿದ್ದೇ! I2 ಬಾಣ ತಿರುಗಿಸಿ ಮೊದಲಿಂದ ಬಿಡಿಸಿ.

ತಂತಿಮನೆ: ತಿರುಗಿಸಿದರೆ ಪ್ಲಸ್ 1.2 ಬರುತ್ತೆ, ಸರ್ಕ್ಯೂಟ್ ಅದೇ. ಸಂಧಿಯಲ್ಲಿ 6 × 1.2 = 7.2 ವೋಲ್ಟ್ ಇದೆ. ಅದು 6ಕ್ಕಿಂತ ಜಾಸ್ತಿ, ಹಾಗಾಗಿ ಕರೆಂಟ್ ಆ ಬ್ಯಾಟರಿಯ ಒಳಕ್ಕೇ ಹೋಗಬೇಕು. ಅನುಮಾನವಿದ್ದರೆ 6 ಓಮ್ ಬಿಟ್ಟು ಹೊರಗಿನ ಲೂಪ್ ಸುತ್ತಿ: 12 − 4.8 − 1.2 − 6 = 0. ಇದು ಪರೀಕ್ಷೆಗೆ ಮಾತ್ರ. ನಾಲ್ಕನೇ ಸಮೀಕರಣ ಅಂತ ಸೇರಿಸಿದರೆ ಹೊಸದೇನೂ ಸಿಗೋದಿಲ್ಲ.

ಎಡವಿದ್ದು ಪವರ್ ಕೂಡಿಸುವಾಗ. ಮೈನಸ್ ಬಿಟ್ಟು 28.8 + 7.2 = 36 ಮಾಡಿದ್ದೀರಿ. 6 ವೋಲ್ಟಿನದು ಚಾರ್ಜ್ ಆಗುತ್ತಿದೆ, ಅದನ್ನು ತಿನ್ನುವವರ ಸಾಲಿಗೆ ಹಾಕಿ: 11.52 + 1.44 + 8.64 + 7.2 = 28.8. ವ್ಯತ್ಯಾಸ ಯಾವುದಾದರೂ ಒಂದು ಬ್ಯಾಟರಿಯ ಪವರಿನ ಸರಿಯಾಗಿ ಎರಡರಷ್ಟು ಬಂದರೆ ಮೊದಲು ಆ ಬ್ಯಾಟರಿಯ ಚಿಹ್ನೆ ನೋಡಿ. ನಿಮ್ಮ 14.4 ಅದೇ.

ಲೂಪ್‌ರಾಯ: ಸರಿ, ಪವರ್ ತಾಳೆಯಾದರೆ ಉತ್ತರ ಸರಿ ಅಂತಾಯ್ತು.

ತಂತಿಮನೆ: ಹಾಗಲ್ಲ. 6 ವೋಲ್ಟ್ ಬ್ಯಾಟರಿಯನ್ನು ಚಿತ್ರದಲ್ಲೇ ತಲೆಕೆಳಗಾಗಿ ಓದಿಕೊಂಡರೆ ಸಂಧಿ ಸೊನ್ನೆ ವೋಲ್ಟ್, ಎರಡೂ ಬ್ಯಾಟರಿಯಲ್ಲಿ 6 ಆಂಪಿಯರ್. 72 + 36 = 108 ಕೊಡುತ್ತೆ, ರೆಸಿಸ್ಟರ್‌ಗಳೂ 108 ತಿನ್ನುತ್ತವೆ. ಚೆನ್ನಾಗಿ ತಾಳೆಯಾಗುತ್ತೆ, ಸರ್ಕ್ಯೂಟ್ ಮಾತ್ರ ಬೇರೆಯವರದ್ದು.

ಬೆಸುಗೆ_ಬಸ್ಯಾ: ಇದನ್ನೇ ನನ್ನ ಬೆಂಚ್ ಮೇಲೆ ಜೋಡಿಸಿದೆ. ಎರಡು ಸಪ್ಲೈ, ಒಂದೊಂದೂ 10 ಆಂಪಿಯರ್, 2 ಓಮ್‌ಗೆ 25 ವ್ಯಾಟಿನ ಅಲ್ಯೂಮಿನಿಯಂ ಕವಚದ್ದು. ಸಂಧಿಯಲ್ಲಿ 7.2 ಬರಲೇ ಇಲ್ಲ, 8.6 ತೋರಿಸುತ್ತೆ. ಪುಸ್ತಕದ ಲೆಕ್ಕ ಪುಸ್ತಕದಲ್ಲೇ ಇರಲಿ.

ತಂತಿಮನೆ: ಲೆಕ್ಕದ ತಪ್ಪಲ್ಲ. ಸಾಧಾರಣ ಬೆಂಚ್ ಸಪ್ಲೈ ಕರೆಂಟ್ ಕೊಡುತ್ತೆ, ಒಳಕ್ಕೆ ಎಳೆದುಕೊಳ್ಳೋದಿಲ್ಲ. ಆಗ I2 ಸೊನ್ನೆ, 12ರ ಕಡೆಯಿಂದ 12/8 = 1.5 ಆಂಪಿಯರ್, ಸಂಧಿ 9 ವೋಲ್ಟ್. 6 ವೋಲ್ಟ್ ಸಪ್ಲೈ ಬದಲು ಬ್ಯಾಟರಿ ಹಾಕಿ ನೋಡಿ.

ಬೆಸುಗೆ_ಬಸ್ಯಾ: 9 ಅಲ್ಲ, 8.6.

ತಂತಿಮನೆ: 12ರ ಟರ್ಮಿನಲ್‌ನಲ್ಲೇ ಅಳೆದಿರಾ? ಅಲ್ಲಿ 11.5ರ ಹತ್ತಿರ ಇದ್ದರೂ 8.6 ಬರುತ್ತೆ. ಪೂರಾ 12 ಇದ್ದರೆ ಸುಮಾರು 0.27 ಆಂಪಿಯರ್ ನಿಮ್ಮ ಇನ್ನೊಂದು ಸಪ್ಲೈ ಒಳಗೆ ನುಗ್ಗುತ್ತಿದೆ.

ಬೆಸುಗೆ_ಬಸ್ಯಾ: ಡಿಸ್‌ಪ್ಲೇ 12.0 ಅಂತಿದೆ.

ತಂತಿಮನೆ: ಡಿಸ್‌ಪ್ಲೇ ಬೇಡ. ಮೀಟರ್ ಹಿಡಿದು ಅಳೆದು ಹೇಳಿ.