ಹ್ಯಾಂಬರ್ಗ್‌ಗೆ ಹೋಗಬೇಕಾದ ಪತ್ರ

ಗುಂಪು: ತೋಟದ ಮನೆ ಬಳಗ

ಕಾರ್ತಿಕ್: ಎಲ್ಲರಿಗೂ ನಮಸ್ಕಾರ. ಹ್ಯಾಂಬರ್ಗ್‌ನ ಒಬ್ಬ ಕಾಫಿ ಬೈಯರ್‌ಗೆ ಪತ್ರ ಬರೆದಿದ್ದೇನೆ. ಇಂಗ್ಲಿಷ್ ಮಾಡೋ ಮೊದಲು ಒಮ್ಮೆ ನೋಡಿ.
"ಸಕಲೇಶಪುರದ ನಾವು ಮೂರು ತಲೆಮಾರಿನ ಅನುಭವವಿರುವ ಮುಂಚೂಣಿ ಕಾಫಿ ರಫ್ತುದಾರರು. ನಮ್ಮದು ವಿಶ್ವದರ್ಜೆಯ, ಸಂಪೂರ್ಣ ಸಾವಯವ ಅರೇಬಿಕಾ. ಈ ಸಾಲಿನ 600 ಮೂಟೆ ಸಿದ್ಧವಿದೆ. ಎಷ್ಟು ಬೇಕಾದರೂ ಪೂರೈಸುತ್ತೇವೆ."

ದೊಡ್ಡಪ್ಪ: ಗತ್ತಾಗಿದೆ ಕಣೋ. ಕಳಿಸಿಬಿಡು.

ಸುಮಾ: ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ. ಇದನ್ನು ಹೀಗೇ ಕಳಿಸಿದರೆ ಉತ್ತರ ಬರಲ್ಲ.

ದೊಡ್ಡಪ್ಪ: ಯಾಕಮ್ಮಾ, ಮೂರು ತಲೆಮಾರು ಸುಳ್ಳಾ? ನಿಮ್ಮಜ್ಜ ನೆಟ್ಟ ಗಿಡ ಈಗಲೂ ಫಸಲು ಕೊಡ್ತಿವೆ.

ಸುಮಾ: ತೋಟ ಮಾಡಿದ್ದು ಮೂರು ತಲೆಮಾರು. ರಫ್ತು ಒಂದು ಸಲವೂ ಮಾಡಿಲ್ಲ. ಇಷ್ಟು ವರ್ಷ ಹೊಟ್ಟು ಬಿಡಿಸದ ಪಾರ್ಚ್‌ಮೆಂಟನ್ನು ವ್ಯಾಪಾರಿಗೆ ಕೊಟ್ಟು ದುಡ್ಡು ಎಣಿಸಿಕೊಂಡಿದ್ದೇವೆ, ಅಷ್ಟೇ. ಬೈಯರ್ ಮೊದಲ ಮೇಲ್‌ನಲ್ಲೇ ಹಿಂದಿನ ಶಿಪ್‌ಮೆಂಟ್ ಯಾವುದು, ಯಾರಿಗೆ ಕೊಟ್ಟಿರಿ ಅಂತ ಕೇಳುತ್ತಾನೆ. ಆಗ ಏನು ಹೇಳೋದು?

ದೊಡ್ಡಪ್ಪ: ಹಾಗಂತ ನಾವು ಹೊಸಬರು ಅಂತ ನಾವೇ ಡಂಗುರ ಹೊಡೆಯಬೇಕಾ? ಯಾವನು ತಗೊಳ್ತಾನೆ?

ಸುಮಾ: ಹೊಸಬರ ಹತ್ರ ಸಣ್ಣ ಲಾಟ್ ತಗೊಂಡು ನೋಡೋರು ಇದ್ದಾರೆ. ಮೊದಲ ಮೇಲ್‌ನಲ್ಲೇ ಸುಳ್ಳು ಹೇಳಿದವರ ಹತ್ರ ಎರಡನೇ ಸಲ ಯಾರೂ ಬರಲ್ಲ. "ಸಾವಯವ" ಪದವನ್ನೂ ತೆಗಿ ಕಾರ್ತಿಕ್. ಸರ್ಟಿಫಿಕೇಟ್ ಇಲ್ಲದೆ ಆ ಹೆಸರಲ್ಲಿ ಯುರೋಪಿನಲ್ಲಿ ಮಾರೋಕಾಗಲ್ಲ. ಅದೂ ಅಲ್ಲದೆ ಕಾಂಡಕೊರಕಕ್ಕೆ ಔಷಧಿ ಹೊಡೆಸಿದ್ದು ನೀನೇ ಅಲ್ವಾ?

ಕಾರ್ತಿಕ್: 😬 ಸರಿ. 600 ಮೂಟೆ ಮಾತ್ರ ನಿಜ ಸುಮಕ್ಕ. ಪಕ್ಕದ ತೋಟದವರದ್ದೂ ಸೇರಿಸಿ ಗೋಡೌನ್‌ನಲ್ಲಿ ನಾನೇ ಎಣಿಸಿದ್ದೇನೆ.

ಸುಮಾ: ಇದೇ ಎಲ್ಲಕ್ಕಿಂತ ಅಪಾಯದ ಸಾಲು. ಕ್ಯೂರಿಂಗ್ ವರ್ಕ್ಸ್‌ನಲ್ಲಿ ದಿನಾ ಇದೇ ಲೆಕ್ಕ ಮಾಡ್ತೀನಿ, ಕೇಳು. ನೀನು ಎಣಿಸಿದ್ದು 50 ಕಿಲೋ ಪಾರ್ಚ್‌ಮೆಂಟ್ ಮೂಟೆ. ಅಂದರೆ 30 ಟನ್. ಹಲ್ಲಿಂಗ್ ಆದಮೇಲೆ ಹೊಟ್ಟು ಹೋಗಿ ನೂರಕ್ಕೆ 80 ಉಳಿದರೆ 24 ಟನ್ ಬೀಜ. ಅದರಲ್ಲಿ ಪ್ಲಾಂಟೇಷನ್ ಎ ಗ್ರೇಡ್ ಅರ್ಧ ಬಂತು ಅಂದುಕೋ, 12 ಟನ್. ರಫ್ತಿನ ಚೀಲ 60 ಕಿಲೋದ್ದು. 200 ಚೀಲ ಆಯ್ತು. ಉಳಿದದ್ದು ಪಿಬಿ, ಬಿ, ಸಿ ಗ್ರೇಡು.
ಹ್ಯಾಂಬರ್ಗ್‌ನವನು "600 ಮೂಟೆ" ಅಂತ ಓದಿದರೆ 60 ಕಿಲೋದ 600 ಚೀಲ ಅಂದುಕೊಳ್ಳುತ್ತಾನೆ. 20 ಅಡಿ ಕಂಟೇನರ್‌ಗೆ 320 ಚೀಲ ಹಿಡಿಯುತ್ತದೆ. ಹತ್ತಿರ ಹತ್ತಿರ ಎರಡು ಕಂಟೇನರ್ ಲೆಕ್ಕ ಅದು. ನಿನ್ನ ಹತ್ರ ಎ ಗ್ರೇಡ್ ಒಂದು ಕಂಟೇನರ್‌ಗೂ ಸಾಲಲ್ಲ.

ಗೀತಾ ಚಿಕ್ಕಮ್ಮ: ಅಯ್ಯೋ ದೇವರೇ. ಕೇಳಿಸಿಕೊಂಡಿಯಾ ಕಾರ್ತಿಕ್?

ದೊಡ್ಡಪ್ಪ: ಲೆಕ್ಕ ಸರಿ. ಆದರೆ ಇದನ್ನೆಲ್ಲ ತೆಗೆದರೆ ಪತ್ರದಲ್ಲಿ ಉಳಿಯೋದೇನು? ನಮಸ್ಕಾರ, ಇಂತಿ ತಮ್ಮ ವಿಶ್ವಾಸಿ?

ಸುಮಾ: ಅವನು ಪರೀಕ್ಷಿಸಿ ನೋಡಬಹುದಾದದ್ದು ಉಳಿಯುತ್ತದೆ. ಹೀಗೆ ಬರಿ:
"ಸಕಲೇಶಪುರದಲ್ಲಿ ನಮ್ಮ ಕುಟುಂಬ ಮೂರು ತಲೆಮಾರಿನಿಂದ ನೆರಳಿನಲ್ಲಿ ಅರೇಬಿಕಾ ಬೆಳೆಯುತ್ತಿದೆ. ಇಲ್ಲಿಯವರೆಗೆ ಸ್ಥಳೀಯ ವ್ಯಾಪಾರಿಗಳಿಗೆ ಮಾರುತ್ತಿದ್ದೆವು. ಈಗ ಕಾಫಿ ಬೋರ್ಡ್‌ನಲ್ಲಿ ರಫ್ತುದಾರರಾಗಿ ನೋಂದಾಯಿಸಿದ್ದೇವೆ, ನಂಬರ್ ಕೆಳಗಿದೆ. ನೇರ ರಫ್ತು ಇದೇ ಮೊದಲು. ಈ ಸಾಲಿನ ಪ್ಲಾಂಟೇಷನ್ ಎ, ಸುಮಾರು 200 ಚೀಲ, ತಲಾ 60 ಕಿಲೋ. ತೇವಾಂಶ ಮತ್ತು ಜರಡಿ ವರದಿ ಲಗತ್ತಿಸಿದೆ. ಬಯಸಿದರೆ 300 ಗ್ರಾಂ ಸ್ಯಾಂಪಲ್ ಕಳಿಸುತ್ತೇವೆ."

ಕಾರ್ತಿಕ್: ಜರಡಿ ವರದಿ ಬೇಕೇ ಬೇಕಾ?

ಸುಮಾ: ಬೇಕು. ಎ ಅಂದರೆ ತೂಕದಲ್ಲಿ ನೂರಕ್ಕೆ 90 ಭಾಗ 6.65 ಮಿ.ಮೀ. ಜರಡಿಯ ಮೇಲೆ ನಿಲ್ಲಬೇಕು. ಅವನ ಹತ್ರಾನೂ ಜರಡಿ ಇರುತ್ತದೆ. ವಿಶ್ವದರ್ಜೆ ಅಂದರೆ ಅಳೆದು ನೋಡೋಕೆ ಅವನ ಹತ್ರ ಏನೂ ಇಲ್ಲ.

ದೊಡ್ಡಪ್ಪ: "ಇದೇ ಮೊದಲು" ಅನ್ನೋದು ನನಗೆ ಇನ್ನೂ ಒಪ್ಪಿಗೆಯಿಲ್ಲ. ಅದನ್ನು ಕೊನೆಗಾದರೂ ಹಾಕು.

ಸುಮಾ: ಕೊನೆಯಲ್ಲಿ ಹಾಕಿದರೆ ಮುಚ್ಚಿಟ್ಟ ಹಾಗೆ ಕಾಣುತ್ತೆ ದೊಡ್ಡಪ್ಪ. ಮಧ್ಯದಲ್ಲಿ ಸುಮ್ನೆ ಒಂದು ಸಾಲಾಗಿ ಬಂದರೆ ಓದಿ ಮುಂದೆ ಹೋಗುತ್ತಾನೆ.

ದೊಡ್ಡಪ್ಪ: ಏನಾದ್ರೂ ಮಾಡ್ಕೊಳ್ಳಿ. ಅಜ್ಜನ ಫೋಟೋ ಆದ್ರೂ ಹಾಕ್ತೀರಾ ಇಲ್ವಾ?

ಗೀತಾ ಚಿಕ್ಕಮ್ಮ: ಅವರು ಖರೀದಿ ಮಾಡೋದು ಬೀಜ ಭಾವ, ಅಜ್ಜನನ್ನಲ್ಲ 😂

ಕಾರ್ತಿಕ್: ಸ್ಯಾಂಪಲ್ ಇವತ್ತೇ ತೆಗೆದಿಡುತ್ತೇನೆ. ಒಳ್ಳೆ ದಪ್ಪ ಬೀಜ ಆರಿಸ್ತೀನಿ.

ಸುಮಾ: ಆರಿಸಬೇಡ ಮಾರಾಯ! ಮೊದಲು ಮೂಟೆಗಳು ಇಲ್ಲಿ ಹಲ್ಲಿಂಗ್, ಗ್ರೇಡಿಂಗ್ ಆಗಲಿ. ಆಮೇಲೆ ಎ ಗ್ರೇಡಿನ ಎಲ್ಲ ಚೀಲದಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ ಕಳಿಸೋಣ. ಅಷ್ಟನ್ನೇ ನಮ್ಮಲ್ಲೂ ಸೀಲ್ ಮಾಡಿ ಇಟ್ಟುಕೊಳ್ಳೋಣ. ನಾಳೆ ಚೀಲ ತಲುಪಿದಾಗ ಅವನು ಈ 300 ಗ್ರಾಂ ಪಕ್ಕದಲ್ಲಿಟ್ಟು ನೋಡುತ್ತಾನೆ. ಲಾರಿ ಯಾವಾಗ ಕಳಿಸ್ತೀಯಾ ಹೇಳು.

ಕಾರ್ತಿಕ್: ಸೋಮವಾರ. ದೊಡ್ಡಪ್ಪ, ಗೋಡೌನ್ ಬೀಗದ ಕೈ ನಿಮ್ಮ ಹತ್ರ ಇದೆಯಾ?