ಸಹಾಯ ಬೇಕು: ದುಬೈನಿಂದ ಊರಿಗೆ ದುಡ್ಡು ಕಳಿಸುವ ಜಾಹೀರಾತಿಗೆ ಒಂದು ಸಾಲು

ಎಲ್ಲರಿಗೂ ನಮಸ್ಕಾರ. ಗಲ್ಫ್‌ನಲ್ಲಿ ದುಡಿಯುವ ನಮ್ಮ ಕರಾವಳಿಯವರಿಗಾಗಿ ಹಣ ಕಳಿಸುವ ಸೇವೆಯೊಂದರ ಜಾಹೀರಾತು ಬರೆಯುತ್ತಿದ್ದೇನೆ. ಇಂಗ್ಲಿಷ್ ಪ್ರತಿಯಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು 'ಶುಲ್ಕ ಸೊನ್ನೆ' ಅಂತ. ಅದನ್ನು ಹಾಗೇ ಕನ್ನಡಕ್ಕೆ ತರಲು ನನಗೆ ಮನಸ್ಸಿಲ್ಲ.

ಯಾಕೆ ಅಂದರೆ, ಖರ್ಚು ರೇಟಿನಲ್ಲೇ ಅಡಗಿರುತ್ತದೆ. ಮಾರುಕಟ್ಟೆಯಲ್ಲಿ ದಿರ್ಹಮ್‌ಗೆ 23 ರೂಪಾಯಿ ಇದೆ ಅಂದುಕೊಳ್ಳಿ. ಶುಲ್ಕ ಇಲ್ಲ ಎನ್ನುವವರು 22.70 ಕೊಟ್ಟರೆ, 1,000 ದಿರ್ಹಮ್‌ಗೆ ಊರಿಗೆ ಸೇರುವುದು 22,700 ರೂಪಾಯಿ. ಇನ್ನೊಬ್ಬರು 10 ದಿರ್ಹಮ್ ಶುಲ್ಕ ಹಿಡಿದು, ಉಳಿದ 990ಕ್ಕೆ 22.95 ಕೊಟ್ಟರೆ 22,720 ಸೇರುತ್ತದೆ. ಶುಲ್ಕ ಕೊಟ್ಟವರಿಗೇ 20 ರೂಪಾಯಿ ಜಾಸ್ತಿ!

ಲೇಬರ್ ಕ್ಯಾಂಪ್‌ನಲ್ಲಿ ಸಂಬಳದ ದಿನ ಯಾರೂ 'ವಿನಿಮಯ ದರ' ಅನ್ನುವುದಿಲ್ಲ. 'ಇವತ್ತು ರೇಟು ಎಷ್ಟು?' ಅಂತಾರೆ. ಮನೆಗೆ ಫೋನ್ ಮಾಡಿದಾಗ ಕೇಳುವುದೂ 'ಎಷ್ಟು ಬಂತಮ್ಮಾ?' ಅಂತಲೇ ಅಲ್ವಾ? ಅದಕ್ಕೇ ಈ ಎರಡು ಸಾಲು ಬರೆದೆ:

'ಅಮ್ಮನ ಖಾತೆಗೆ ಎಷ್ಟು ಸೇರುತ್ತದೆ? ಕಳಿಸುವ ಮುಂಚೆಯೇ ನೋಡಿ.'

'ರೇಟು, ಶುಲ್ಕ, ಊರಿಗೆ ಸೇರುವ ಮೊತ್ತ. ಮೂರೂ ಒಂದೇ ಕಡೆ.'

ಮೊದಲನೆಯದು ನನಗೆ ಇಷ್ಟ. ಆದರೆ ಹೆಂಡತಿಗೋ ತಮ್ಮನಿಗೋ ಕಳಿಸುವವರಿಗೆ 'ಅಮ್ಮ' ಹೊಂದುತ್ತದಾ? 'ಮನೆಯವರ ಖಾತೆಗೆ' ಅಂದರೆ ಸ್ವಲ್ಪ ಸಪ್ಪೆ ಅನಿಸುತ್ತಿದೆ. ದುಬೈ, ಕುವೈತ್, ಮಸ್ಕತ್‌ನಲ್ಲಿ ಇರುವವರು ದಯವಿಟ್ಟು ಹೇಳಿ: ದುಡ್ಡು ಕಳಿಸುವಾಗ ನೀವು ಮೊದಲು ನೋಡುವುದು ಏನನ್ನು? ಅದನ್ನು ನಿಮ್ಮ ಬಾಯಿಮಾತಿನಲ್ಲೇ ಬರೆಯಿರಿ.