ಸರ್ವರ್ ಮುಚ್ಚಿದ ಮೇಲೆ ದುಡ್ಡು ಕೊಟ್ಟ ಗೇಮ್ ಏನಾಗುತ್ತೆ?

ಪ್ರಶ್ನೆ: ನಾನು ಆಡುವ ಗೇಮ್‌ನ ಸ್ಟುಡಿಯೋದಿಂದ ವಿದಾಯದ ಪತ್ರ ಬಂದಿದೆ. ಮೂರು ತಿಂಗಳಲ್ಲಿ ಸರ್ವರ್ ಬಂದ್ ಅಂತೆ. "ಖರೀದಿಸಿದವರ ಲೈಬ್ರರಿಯಲ್ಲಿ ಗೇಮ್ ಹಾಗೇ ಇರುತ್ತದೆ" ಅಂತ ಬರೆದಿದ್ದಾರೆ. ಅಂದ್ರೆ ಒಬ್ಬನೇ ಆಡಬಹುದಾ?

ಒಬ್ಬ ಸದಸ್ಯ: ಲೈಬ್ರರಿಯಲ್ಲಿ ಇದ್ರೆ ನಿಮ್ಮದೇ, ತಲೆ ಕೆಡಿಸಿಕೊಳ್ಳಬೇಡಿ. ಅಂಗಡಿಯಿಂದ ತೆಗೆದ ಎಷ್ಟೋ ಗೇಮ್ ನಾನು ಈಗಲೂ ಡೌನ್‌ಲೋಡ್ ಮಾಡ್ತೀನಿ.

ಉತ್ತರ (ಗೇಮ್ ಸರ್ವರ್ ಎಂಜಿನಿಯರ್): ಡೌನ್‌ಲೋಡ್ ಆಗುವುದು ನಿಜ. ಆದರೆ ಡೌನ್‌ಲೋಡ್ ಆಗುವುದೇ ಬೇರೆ, ಶುರುವಾಗುವುದೇ ಬೇರೆ. ಪತ್ರ ಲೈಬ್ರರಿ ಬಗ್ಗೆ ಮಾತ್ರ ಹೇಳಿ ಆಫ್‌ಲೈನ್ ಬಗ್ಗೆ ಸುಮ್ಮನಿದ್ದರೆ ನನಗೆ ಅನುಮಾನ ಬರುತ್ತದೆ.

ಯುಬಿಸಾಫ್ಟ್‌ನ 'ದಿ ಕ್ರೂ' ನೋಡಿ. 2014ರ ಕಾರ್ ರೇಸ್ ಗೇಮ್. 2023ರ ಡಿಸೆಂಬರ್‌ನಲ್ಲಿ ಮಾರಾಟ ನಿಲ್ಲಿಸಿದರು, 2024ರ ಮಾರ್ಚ್ 31ಕ್ಕೆ ಸರ್ವರ್ ಆರಿಸಿದರು. ಒಬ್ಬರೇ ಗಾಡಿ ಓಡಿಸಬೇಕಾದರೂ ಸರ್ವರ್ ಬೇಕಿತ್ತು. ಹಾಗಾಗಿ ದುಡ್ಡು ಕೊಟ್ಟವರಿಗೂ ಅದು ಸತ್ತೇ ಹೋಯಿತು.

ವೆಲಾನ್ ಸ್ಟುಡಿಯೋಸ್‌ನವರ 'ನಾಕೌಟ್ ಸಿಟಿ' ಕಥೆ ಬೇರೆ. 2023ರ ಜೂನ್ 6ಕ್ಕೆ ಮುಚ್ಚುವ ಸುದ್ದಿಯನ್ನು ಫೆಬ್ರವರಿಯಲ್ಲೇ ಹೇಳಿದರು. ಗೆಳೆಯರೇ ಸರ್ವರ್ ನಡೆಸಿಕೊಂಡು ಆಡುವಂಥ ಆವೃತ್ತಿಯನ್ನು ಪುಕ್ಕಟೆ ಬಿಟ್ಟರು. ಅದು ವಿಂಡೋಸ್‌ಗೆ ಮಾತ್ರ, ಕನ್ಸೋಲ್‌ನವರಿಗೆ ಸಿಗಲಿಲ್ಲ. ಆದರೂ ವಿದಾಯ ಅಂದ್ರೆ ಹೀಗಿರಬೇಕು ಅನಿಸುತ್ತದೆ.

ನೀವು ಈಗಲೇ ಒಂದು ಕೆಲಸ ಮಾಡಿ. ನೆಟ್ ಆಫ್ ಮಾಡಿ ಗೇಮ್ ತೆರೆಯಿರಿ. ಸ್ಟೀಮ್ ಆದರೆ ಮೊದಲು ಅದನ್ನು ಆಫ್‌ಲೈನ್ ಮೋಡ್‌ಗೆ ಹಾಕಿ, ಇಲ್ಲದಿದ್ರೆ ತೊಂದರೆ ಸ್ಟೀಮ್‌ನದೋ ಗೇಮ್‌ನದೋ ಗೊತ್ತಾಗಲ್ಲ. ಮೊದಲ ಪರದೆಯಲ್ಲೇ "ಸರ್ವರ್ ಸಿಗುತ್ತಿಲ್ಲ" ಅಂದರೆ, ಹೊಸ ಪ್ಯಾಚ್ ಬರದ ಹೊರತು ಆಟ ಮುಗಿದಂತೆ. ತೆರೆದುಕೊಂಡರೂ ಪೂರ್ತಿ ನಂಬಬೇಡಿ. ಕೆಲವು ಗೇಮ್ ಹೊಸದಾಗಿ ಹಾಕಿದಾಗ ಒಂದೇ ಸಲ ಸರ್ವರ್ ಕೇಳುತ್ತವೆ. ಮುಂದೆ ಕಂಪ್ಯೂಟರ್ ಬದಲಾಯಿಸಿದ ದಿನ ಅಲ್ಲೇ ಸಿಕ್ಕಿಕೊಳ್ಳುತ್ತೀರಿ.

ಮತ್ತೊಬ್ಬರು: ನನ್ನ ಹತ್ರ 'ದಿ ಕ್ರೂ' ಡಿಸ್ಕೇ ಇದೆ ಸಾರ್. ಅದಕ್ಕೆ ಇದೆಲ್ಲ ಅನ್ವಯ ಆಗಲ್ಲ ಅಲ್ವಾ?

ಎಂಜಿನಿಯರ್: ಆಗುತ್ತೆ. ಡಿಸ್ಕ್‌ನಲ್ಲಿರುವ ಗೇಮ್ ಕೂಡ ಅದೇ ಸರ್ವರ್ ಹುಡುಕುತ್ತೆ. ಕಪಾಟಿನಲ್ಲಿಡಲು ಚೆನ್ನಾಗಿದೆ, ಅಷ್ಟೇ.

ಪ್ರಶ್ನೆ ಕೇಳಿದವರು: ಈಗಷ್ಟೇ ಪರೀಕ್ಷಿಸಿದೆ. ಮೆನು ಬಂತು, ಆದರೆ ನನ್ನ ಸೇವ್ ಕಾಣುತ್ತಿಲ್ಲ. ಕೊಂಡ ನಾಣ್ಯಗಳೂ ಸೊನ್ನೆ.

ಎಂಜಿನಿಯರ್: ಹಾಗಾದರೆ ಅವೆರಡೂ ಸರ್ವರ್‌ನಲ್ಲೇ ಇವೆ. ಸೇವ್ ನಿಮ್ಮ ಕಂಪ್ಯೂಟರ್‌ಗೆ ಇಳಿಸುವ ದಾರಿ ಕೊಡ್ತಾರಾ ಅಂತ ಸಪೋರ್ಟ್‌ಗೆ ಈಗಲೇ ಬರೆಯಿರಿ. ಸರ್ವರ್ ಆರಿದ ಮೇಲೆ ಕೇಳಿ ಪ್ರಯೋಜನ ಕಡಿಮೆ. ನಾಣ್ಯಗಳನ್ನು ಖರ್ಚು ಮಾಡಿಬಿಡಿ.

ಮೊದಲ ಸದಸ್ಯ: ಖರ್ಚು ಯಾಕೆ? ರೀಫಂಡ್ ಕೇಳಲಿ. ಗೂಗಲ್ ತನ್ನ ಆನ್‌ಲೈನ್ ಗೇಮ್ ಸೇವೆ ಸ್ಟೇಡಿಯಾ ಮುಚ್ಚಿದಾಗ ಗೇಮ್‌ಗಳ ದುಡ್ಡೆಲ್ಲ ವಾಪಸ್ ಕೊಟ್ಟಿತ್ತಲ್ಲ.

ಎಂಜಿನಿಯರ್: ಕೊಟ್ಟಿದ್ದು ನಿಜ, ಆದರೆ ಅದು ಅವರ ನಿರ್ಧಾರ. ಇವರ ಪತ್ರದಲ್ಲಿ ರೀಫಂಡ್ ಮಾತೇ ಇಲ್ಲದಿದ್ದರೆ ಕೇಳಿ ನೋಡಬಹುದು. ಸಿಗುತ್ತೆ ಅಂತ ನಾನಂತೂ ಹೇಳಲಾರೆ.